ಫೋಟೊದಲ್ಲಿರುವ ನೀರಿನ ಪೈಪ್ ಪ್ಲಾಸ್ಟಿಕ್ಕೋ, ಜಿಐಯೋ, ತಾಮ್ರವೋ? ಕತ್ತರಿಸಿದ ತುದಿ ಮತ್ತು ಜಾಯಿಂಟ್ ನೋಡಿ ಗುರುತಿಸುವ ಬಗೆ

"ಇದು ಐದೇ ವರ್ಷ ಬಳಸಿದ ಪ್ಲಾಸ್ಟಿಕ್ ಪೈಪ್. ಒಳಗೆ ಕಟ್ಟಿರುವ ವಿಷ ನೋಡಿ. ನಿಮ್ಮ ಮನೆಯ ಪೈಪ್ ಇಂದೇ ಬದಲಿಸಿ. ಎಲ್ಲರಿಗೂ ಶೇರ್ ಮಾಡಿ."

ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಜೊತೆಗೆ ಒಂದು ಫೋಟೊ ಇರುತ್ತದೆ. ಕತ್ತರಿಸಿದ ಪೈಪಿನ ತುಂಡು, ಒಳಗೆ ಕಂದು ಬಣ್ಣದ ಗಡ್ಡೆಗಳು, ನಡುವೆ ನೀರು ಹರಿಯಲು ಉಳಿದಿರುವ ಸಣ್ಣ ತೂತು. ನೋಡಿದವರಿಗೆ ಹೆದರಿಕೆ ಆಗುವುದು ಸಹಜ. ಆದರೆ ಅದು ನಿಜವಾಗಿಯೂ ಪ್ಲಾಸ್ಟಿಕ್ ಪೈಪೇ ಎಂದು ಯಾರೂ ಕೇಳುವುದಿಲ್ಲ. ಪೈಪ್ ಯಾವುದರದ್ದು ಎಂಬುದೇ ತಪ್ಪಾಗಿದ್ದರೆ ಉಳಿದ ಸಂದೇಶಕ್ಕೆ ಬುಡವೇ ಇರುವುದಿಲ್ಲ. ಅದನ್ನು ನಂಬಿ ಗೋಡೆ ಒಡೆಸಿ ಚೆನ್ನಾಗಿರುವ ಪೈಪ್ ಕೀಳಿಸಿದವರಿಗೆ ಖರ್ಚಷ್ಟೇ ಉಳಿಯುತ್ತದೆ. ಇತ್ತ ನಿಜವಾಗಿಯೂ ತುಕ್ಕು ಹಿಡಿದ ಪೈಪ್ ಇರುವ ಮನೆಯವರು "ನಮ್ಮದು ಪ್ಲಾಸ್ಟಿಕ್ ಅಲ್ಲವಲ್ಲ" ಎಂದು ನಿಶ್ಚಿಂತೆಯಿಂದ ಇರುತ್ತಾರೆ.

ಹಾಗಾಗಿ ಫೋಟೊ ನೋಡಿಯೇ ಪೈಪನ್ನು ಗುರುತಿಸುವುದು ಹೇಗೆ ಎಂದು ಇಲ್ಲಿ ವಿವರಿಸುತ್ತೇವೆ. ಮನೆಗಳಲ್ಲಿ ಬಳಸುವ ಅರ್ಧ ಇಂಚು, ಮುಕ್ಕಾಲು ಇಂಚಿನ ಪೈಪುಗಳಿಗಷ್ಟೇ ಇದು ಅನ್ವಯಿಸುತ್ತದೆ.

ಚುಟುಕಾಗಿ ಹೇಳುವುದಾದರೆ

ಕತ್ತರಿಸಿದ ಅಂಚಿನಲ್ಲಿ ಒಳಗೂ ಹೊರಗೂ ಒಂದೇ ಬಣ್ಣವಿದ್ದು ಲೋಹದ ಹೊಳಪು ಇಲ್ಲದಿದ್ದರೆ ಅದು ಪ್ಲಾಸ್ಟಿಕ್. ಅಂಚು ಬೂದು ಬಣ್ಣದ ಲೋಹವಾಗಿದ್ದು, ದಪ್ಪವಾಗಿದ್ದು, ಜಾಯಿಂಟಿನಲ್ಲಿ ಥ್ರೆಡ್ ಇದ್ದರೆ ಅದು ಜಿಐ, ಅಂದರೆ ಸತುವಿನ ಲೇಪನವಿರುವ ಉಕ್ಕಿನ ಪೈಪ್. ಅಂಚು ತೆಳ್ಳಗೆ, ಕೆಂಪು ಛಾಯೆಯಲ್ಲಿದ್ದು, ಜಾಯಿಂಟ್ ಬೆಸುಗೆ ಹಾಕಿದ್ದಾದರೆ ತಾಮ್ರ. ಪೈಪಿನ ಹೊರಮೈ ಬಣ್ಣವನ್ನು ಮಾತ್ರ ನೋಡಿ ಏನನ್ನೂ ತೀರ್ಮಾನಿಸಬೇಡಿ.

ಹೊರಮೈ ಬಣ್ಣ ಏಕೆ ಮೋಸ ಮಾಡುತ್ತದೆ?

ಗೋಡೆಗೆ ಸುಣ್ಣ ಬಣ್ಣ ಬಳಿಯುವಾಗ ಪೈಪಿಗೂ ಬಳಿಯುವುದು ನಮ್ಮಲ್ಲಿ ಮಾಮೂಲು. ಬಿಳಿ ಪೇಂಟ್ ಬಳಿದ ಜಿಐ ಪೈಪ್ ಫೋಟೊದಲ್ಲಿ ಥೇಟ್ ಪಿವಿಸಿಯಂತೆ ಕಾಣುತ್ತದೆ. ಕೃಷಿಗೆ ಬಳಸುವ ಬೂದು ಪಿವಿಸಿ ಪೈಪ್ ದೂರದಿಂದ ಹಳೆಯ ಜಿಐ ಪೈಪಿನಂತೆ ಕಾಣಬಹುದು. ಹಳದಿ ಬಲ್ಬಿನ ಬೆಳಕಿನಲ್ಲಿ ತೆಗೆದ ಫೋಟೊದಲ್ಲಿ ಬೂದು ಲೋಹಕ್ಕೂ ತಾಮ್ರದ ಛಾಯೆ ಬರುತ್ತದೆ.

ಕತ್ತರಿಸಿದ ಅಂಚು ಹೀಗೆ ವೇಷ ಹಾಕಲಾರದು. ಬಣ್ಣ, ಮಣ್ಣು, ಸಿಮೆಂಟು ಎಲ್ಲವೂ ಹೊರಮೈಗೆ ಅಂಟಿರುತ್ತವೆ. ಕತ್ತರಿಸಿದ ಕಡೆ ಮಾತ್ರ ಪೈಪಿನ ಒಡಲು ಕಾಣುತ್ತದೆ. ಜಾಯಿಂಟೂ ಅಷ್ಟೇ. ಪ್ರತಿ ವಸ್ತುವನ್ನು ಜೋಡಿಸುವ ವಿಧಾನ ಬೇರೆ ಬೇರೆ, ಅದು ಬಿಟ್ಟುಹೋಗುವ ಗುರುತೂ ಬೇರೆ.

ಮೊದಲು ಕತ್ತರಿಸಿದ ತುದಿ ನೋಡಿ

ಫೋಟೊ ದೊಡ್ಡದು ಮಾಡಿ, ಪೈಪಿನ ಬಾಯಿಯ ಸುತ್ತಲಿನ ಬಳೆಯನ್ನು ಗಮನಿಸಿ.

ಪ್ಲಾಸ್ಟಿಕ್ ಪೈಪಿಗೆ ಬಣ್ಣ ಬಳಿದಿರುವುದಿಲ್ಲ, ತಯಾರಿಸುವಾಗಲೇ ಬೆರೆತಿರುತ್ತದೆ. ಆದ್ದರಿಂದ ಕತ್ತರಿಸಿದ ಬಳೆಯ ಬಣ್ಣ ಹೊರಮೈಯ ಬಣ್ಣದ್ದೇ. ಬಿಸಿನೀರಿಗೆ ಬಳಸುವ ಸಿಪಿವಿಸಿ ಸಾಮಾನ್ಯವಾಗಿ ಕೆನೆ ಬಣ್ಣದ್ದು. ತಣ್ಣೀರಿನ ಯುಪಿವಿಸಿ ಬಿಳಿ. ಪಿಪಿಆರ್ ಹೆಚ್ಚಾಗಿ ಹಸಿರು. ಸಂಪಿಗೆ ಅಥವಾ ಮೀಟರಿಗೆ ಬರುವ ಎಚ್‌ಡಿಪಿಇ ಪೈಪ್ ಕಪ್ಪಗಿದ್ದು, ಉದ್ದಕ್ಕೂ ನೀಲಿ ಗೆರೆಗಳಿರುತ್ತವೆ. ಹ್ಯಾಕ್ಸಾ ಬ್ಲೇಡಿನಿಂದ ಕುಯ್ದಿದ್ದರೆ ಅಂಚಿನಲ್ಲಿ ಅದೇ ಬಣ್ಣದ ಪುಡಿ, ಎಳೆಎಳೆಯಾದ ಚೂರು ಅಂಟಿಕೊಂಡಿರುತ್ತದೆ.

ಜಿಐ ಪೈಪಿನ ಬಳೆ ಹೊಸದಾಗಿ ಕುಯ್ದಾಗ ಬೆಳ್ಳಿಯಂತೆ ಹೊಳೆಯುತ್ತದೆ. ಸತುವಿನ ಲೇಪನ ಇರುವುದು ಒಳಮೈ ಮತ್ತು ಹೊರಮೈಗೆ ಮಾತ್ರ. ನಡುವಿನ ಉಕ್ಕಿಗೆ ರಕ್ಷಣೆ ಇಲ್ಲ. ಹಾಗಾಗಿ ಕುಯ್ದು ತೇವದಲ್ಲಿ ಬಿಟ್ಟರೆ ಬೇಗನೆ ಆ ಬಳೆಯೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಹೊರಮೈ ಬೂದು, ಕತ್ತರಿಸಿದ ಬಳೆ ಮಾತ್ರ ತುಕ್ಕು ಎಂದಿದ್ದರೆ ಅದು ಜಿಐ ಎನ್ನಲು ಒಳ್ಳೆಯ ಸಾಕ್ಷಿ.

ತಾಮ್ರದ ಬಳೆ ಹೊಸದಾಗಿ ಕುಯ್ದಾಗ ಗುಲಾಬಿ ಮಿಶ್ರಿತ ಕೆಂಪು. ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ತಂಬಿಗೆಯ ಬಣ್ಣವನ್ನು ನೆನಪಿಸಿಕೊಳ್ಳಿ. ದಿನ ಕಳೆದಂತೆ ಕಂದಾಗಿ, ನಂತರ ಕಪ್ಪಾಗಿ, ತೇವವಿದ್ದ ಕಡೆ ಹಸಿರು ಕಿಲುಬು ಕಟ್ಟುತ್ತದೆ. ತಾಮ್ರಕ್ಕೆ ಕಬ್ಬಿಣದಂತೆ ಪದರ ಪದರವಾಗಿ ಉದುರುವ ಕಿತ್ತಳೆ ತುಕ್ಕು ಬರುವುದಿಲ್ಲ.

ಬಣ್ಣ ನಂಬಲಾಗದಿದ್ದರೆ ದಪ್ಪ ಅಳೆಯಿರಿ

ಫೋಟೊದಲ್ಲಿ ಪೈಪಿನ ನಿಜವಾದ ಗಾತ್ರ ಗೊತ್ತಾಗುವುದಿಲ್ಲ. ಆದರೆ ಒಂದು ಅನುಪಾತ ಗೊತ್ತಾಗುತ್ತದೆ. ಪೈಪಿನ ಬಾಯಿ ನೇರವಾಗಿ ಕಾಣುವ ಫೋಟೊ ಆಗಿದ್ದರೆ ಮೊಬೈಲ್ ಪರದೆಯ ಮೇಲೆ ಮಕ್ಕಳ ಸ್ಕೇಲ್ ಇಟ್ಟು ಎರಡು ಅಳತೆ ತೆಗೆದುಕೊಳ್ಳಿ. ಒಂದು ಹೊರಗಿನ ಪೂರ್ತಿ ಅಗಲ, ಇನ್ನೊಂದು ಬಳೆಯ ದಪ್ಪ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ.

ಅರ್ಧ ಇಂಚಿನ ಮಧ್ಯಮ ದರ್ಜೆಯ ಜಿಐ ಪೈಪಿನ ಹೊರ ಅಗಲ ಸುಮಾರು 21 ಮಿಲಿಮೀಟರ್, ದಪ್ಪ 2.6 ಮಿಲಿಮೀಟರ್. ಭಾಗಿಸಿದರೆ ಸುಮಾರು 8 ಬರುತ್ತದೆ. ತಾಮ್ರದ ನೀರಿನ ಪೈಪ್ ಸುಮಾರು 15 ಮಿಲಿಮೀಟರ್ ಅಗಲವಿದ್ದು, ದಪ್ಪ 1 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ. ಭಾಗಿಸಿದರೆ 15ರಿಂದ 20ರ ಆಸುಪಾಸು. ಸಿಪಿವಿಸಿಗೆ ಸಾಮಾನ್ಯವಾಗಿ 11 ಅಥವಾ 13.5 ಬರುತ್ತದೆ. ದಪ್ಪಗಿರುವ ಪಿಪಿಆರ್‌ಗೆ 6ರಿಂದ 7.

ಇದರಿಂದ ಏನು ತಿಳಿಯುತ್ತದೆ? 8 ಬಂದರೆ ಅದು ತಾಮ್ರವಂತೂ ಅಲ್ಲ. 15 ದಾಟಿದರೆ ತಾಮ್ರವಾಗಿರುವ ಸಾಧ್ಯತೆ ಹೆಚ್ಚು. ಆದರೆ ಜಿಐ ಮತ್ತು ಪ್ಲಾಸ್ಟಿಕ್ ನಡುವೆ ಈ ಲೆಕ್ಕ ತೀರ್ಪು ಕೊಡುವುದಿಲ್ಲ, ಏಕೆಂದರೆ 8ರ ಹತ್ತಿರ ಬರುವ ಪ್ಲಾಸ್ಟಿಕ್ ಪೈಪೂ ಇವೆ. ಅದಕ್ಕೆ ಜಾಯಿಂಟ್ ನೋಡಬೇಕು.

ಜಾಯಿಂಟ್ ಹೇಳುವ ಕತೆ

ಜಿಐ ಪೈಪನ್ನು ತಿರುಗಿಸಿಯೇ ಜೋಡಿಸಬೇಕು. ಪೈಪಿನ ತುದಿಗೆ ಥ್ರೆಡ್ ಕೊರೆದು, ಸಣಬಿನ ನಾರು ಅಥವಾ ಬಿಳಿ ಟೆಫ್ಲಾನ್ ಟೇಪ್ ಸುತ್ತಿ, ಎಲ್ಬೋ, ಟೀ, ಸಾಕೆಟ್‌ಗಳಿಗೆ ಬಿಗಿಯುತ್ತಾರೆ. ಹಾಗಾಗಿ ಫಿಟ್ಟಿಂಗಿನ ಬಾಯಿಯ ಪಕ್ಕ ಒಂದೆರಡು ಸುತ್ತು ಥ್ರೆಡ್ ಹೊರಗೆ ಉಳಿದಿರುತ್ತದೆ. ಪೈಪ್ ರೆಂಚಿನ ಹಲ್ಲುಗಳ ಗೀರೂ ಸಾಮಾನ್ಯವಾಗಿ ಕಾಣುತ್ತದೆ. ಫಿಟ್ಟಿಂಗಿನ ಬಾಯಿಯಲ್ಲಿ ದಪ್ಪನೆಯ ಪಟ್ಟಿಯಂಥ ಉಬ್ಬು ಇರುತ್ತದೆ. ಮುಖ್ಯವಾದ ಸುಳಿವು ಇನ್ನೊಂದಿದೆ. ಥ್ರೆಡ್ ಕೊರೆಯುವಾಗ ಅಲ್ಲಿನ ಸತುವಿನ ಲೇಪನ ಕಿತ್ತುಹೋಗುತ್ತದೆ, ಪೈಪಿನ ದಪ್ಪವೂ ಕಡಿಮೆಯಾಗುತ್ತದೆ. ಹಾಗಾಗಿ ಜಿಐ ಪೈಪಿನಲ್ಲಿ ಹೊರಗಿನ ತುಕ್ಕು, ಸೋರಿಕೆ ಸಾಮಾನ್ಯವಾಗಿ ಶುರುವಾಗುವುದೇ ಥ್ರೆಡ್ ಇರುವ ಕಡೆ. ಪೈಪ್ ಚೆನ್ನಾಗಿದ್ದು ಜಾಯಿಂಟಿನ ಸುತ್ತ ಮಾತ್ರ ಕಂದು ಕಲೆ ಕಂಡರೆ ಜಿಐ ಎಂದು ಊಹಿಸಬಹುದು.

ಆದರೆ ಥ್ರೆಡ್ ಕಂಡ ಮಾತ್ರಕ್ಕೆ ಜಿಐ ಎನ್ನಬೇಡಿ. ದಪ್ಪ ಗೋಡೆಯ ಬಿಳಿ ಯುಪಿವಿಸಿ ಪೈಪಿಗೂ ಥ್ರೆಡ್ ಹಾಕುತ್ತಾರೆ. ಅಲ್ಲಿ ಥ್ರೆಡ್ಡಿನ ಏಣು, ತಗ್ಗು ಎಲ್ಲವೂ ಬಿಳಿಯೇ ಆಗಿರುತ್ತವೆ. ಜಿಐನಲ್ಲಿ ಅವು ಲೋಹದ ಬಣ್ಣ ಅಥವಾ ತುಕ್ಕಿನ ಬಣ್ಣದಲ್ಲಿರುತ್ತವೆ.

ಸಿಪಿವಿಸಿ ಮತ್ತು ಹೆಚ್ಚಿನ ಪಿವಿಸಿ ಪೈಪುಗಳನ್ನು ಅಂಟಿಸುತ್ತಾರೆ. ಪ್ಲಂಬರ್‌ಗಳು ಸಲ್ಯೂಷನ್ ಎನ್ನುವ ಸಾಲ್ವೆಂಟ್ ಸಿಮೆಂಟ್ ಹಚ್ಚಿ, ನುಣುಪಾದ ಪೈಪನ್ನು ಫಿಟ್ಟಿಂಗಿನೊಳಗೆ ತೂರಿಸುತ್ತಾರೆ. ಥ್ರೆಡ್ ಇರುವುದಿಲ್ಲ. ಫಿಟ್ಟಿಂಗಿನ ಬಾಯಿಯ ಅಂಚಿನಲ್ಲಿ ಒಣಗಿದ ಅಂಟಿನ ಸಣ್ಣ ಗೆರೆ, ಕೆಲವೊಮ್ಮೆ ಸೋರಿದ ಹನಿಯ ಗುರುತು ಇರುತ್ತದೆ. ಪಿಪಿಆರ್ ಪೈಪನ್ನು ಅಂಟಿಸುವುದಿಲ್ಲ, ಸುಮಾರು 260 ಡಿಗ್ರಿ ಸೆಲ್ಸಿಯಸ್ ಕಾವಿನ ಮಷೀನಿನಲ್ಲಿ ಪೈಪು, ಫಿಟ್ಟಿಂಗು ಎರಡನ್ನೂ ಕರಗಿಸಿ ಒತ್ತುತ್ತಾರೆ. ಒತ್ತಿದಾಗ ಕರಗಿದ ಪ್ಲಾಸ್ಟಿಕ್ ಹೊರಬಂದು ಜಾಯಿಂಟಿನ ಸುತ್ತ ಉಂಗುರದಂತೆ ಉಬ್ಬಿ ನಿಲ್ಲುತ್ತದೆ. ಹಸಿರು ಪೈಪು, ಹಸಿರು ಉಂಗುರ ಕಂಡರೆ ಅನುಮಾನವೇ ಬೇಡ.

ತಾಮ್ರದ ಜಾಯಿಂಟ್ ಅಚ್ಚುಕಟ್ಟು. ಪೈಪಿಗಿಂತ ಒಂದೆಳೆ ದೊಡ್ಡದಾದ ತೆಳು ಎಲ್ಬೋ ಒಳಗೆ ಪೈಪ್ ತೂರಿಸಿ ಬೆಸುಗೆ ಹಾಕಿರುತ್ತಾರೆ. ಕೆಂಪು ಪೈಪಿನ ಮೇಲೆ ಎಲ್ಬೋ ಅಂಚಿನಲ್ಲಿ ತೆಳುವಾದ ಬೆಳ್ಳಿ ಬಣ್ಣದ ಗೆರೆ ಕಾಣುತ್ತದೆ. ಕೆಲವೆಡೆ ಬೆಸುಗೆಯ ಬದಲು ಹಿತ್ತಾಳೆಯ ಆರು ಮೂಲೆಯ ನಟ್ ಇರುತ್ತದೆ.

ಒಳಗೆ ಕಟ್ಟಿರುವುದು ಏನು?

ಫಾರ್ವರ್ಡ್‌ಗಳು ಹೆದರಿಸುವುದೇ ಒಳಗಿನ ಕೊಳೆ ತೋರಿಸಿ. ಅದೂ ಒಂದು ಸುಳಿವೇ, ಆದರೆ ಎಚ್ಚರದಿಂದ ಓದಬೇಕು.

ಜಿಐ ಪೈಪಿನೊಳಗಿನ ಸತು ವರ್ಷಗಳ ಕಾಲ ನೀರಿನೊಂದಿಗೆ ವರ್ತಿಸಿ ಸವೆಯುತ್ತದೆ. ಅದು ಮುಗಿದ ಕಡೆ ಕಬ್ಬಿಣ ತುಕ್ಕಾಗುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ಹಾಗಾಗಿ ಅದು ಗೋಡೆಯಿಂದ ಒಳಕ್ಕೆ ಗಂಟು ಗಂಟಾಗಿ ಬೆಳೆಯುತ್ತದೆ. ಒಂದು ಗಂಟು ದೊಡ್ಡದು, ಇನ್ನೊಂದು ಚಿಕ್ಕದು, ನಡುವಿನ ತೂತು ಸೊಟ್ಟ. ಗಂಟಿನ ಬುಡದಲ್ಲಿ ಪೈಪಿನ ಗೋಡೆಯೇ ತಿಂದುಹೋಗಿರುತ್ತದೆ. ಇದು ಹೊರಗಿನಿಂದ ಬಂದ ಕೊಳೆಯಲ್ಲ, ಪೈಪಿನದೇ ಕಬ್ಬಿಣ.

ಪ್ಲಾಸ್ಟಿಕ್ ಪೈಪಿನೊಳಗೂ ಕಂದು ಬಣ್ಣ ಇರಬಹುದು. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಅದು ಒಳಮೈಗೆ ತೆಳು ಪದರವಾಗಿ ಕೂರುತ್ತದೆ. ಗಡಸು ನೀರಾದರೆ ಬಿಳಿ, ಬೂದು ಸುಣ್ಣದ ಕಟ್ಟು ಸೇರುತ್ತದೆ. ಆದರೆ ಇಲ್ಲಿ ಕೊಳೆ ಗೋಡೆಯ ಮೇಲೆ ಕೂತಿರುತ್ತದೆ, ಗೋಡೆಯನ್ನು ತಿಂದಿರುವುದಿಲ್ಲ. ಕತ್ತರಿಸಿದ ಬಳೆ ಸುತ್ತಲೂ ಒಂದೇ ದಪ್ಪವಿದ್ದು ಕೆನೆ ಅಥವಾ ಬಿಳಿ ಬಣ್ಣದಲ್ಲೇ ಉಳಿದಿರುತ್ತದೆ. ಕಂದು ಪದರಕ್ಕೂ ಬಿಳಿ ಬಳೆಗೂ ನಡುವೆ ಸ್ಪಷ್ಟ ಗೆರೆ ಕಾಣುತ್ತದೆ. ಜಿಐನಲ್ಲಿ ಆ ಗೆರೆಯೇ ಕಲಸಿಹೋಗಿರುತ್ತದೆ.

ಮೂರು ಕಡೆ ಕಣ್ಣು ಮೋಸ ಹೋಗುತ್ತದೆ

ಒಂದು, ಪ್ಲಾಸ್ಟಿಕ್ ಪೈಪಿನೊಳಗಿನ ಲೋಹ. ಎರಡು ಪ್ಲಾಸ್ಟಿಕ್ ಪದರಗಳ ನಡುವೆ ತೆಳು ಅಲ್ಯೂಮಿನಿಯಂ ಇರುವ ಕಾಂಪೋಸಿಟ್ ಪೈಪ್ ಮಾರುಕಟ್ಟೆಯಲ್ಲಿದೆ. ಕತ್ತರಿಸಿದರೆ ಬಳೆಯ ನಡುವೆ ಕೂದಲೆಳೆಯಷ್ಟು ಬೆಳ್ಳಿ ಗೆರೆ ಕಾಣುತ್ತದೆ. ಅದನ್ನು ನೋಡಿ ಜಿಐ ಎಂದುಕೊಳ್ಳಬೇಡಿ. ಜಿಐನಲ್ಲಿ ಇಡೀ ಬಳೆಯೇ ಲೋಹ.

ಎರಡು, ನಲ್ಲಿ ಕೂರಿಸುವ ಎಲ್ಬೋ. ಸಿಪಿವಿಸಿ ಮತ್ತು ಪಿಪಿಆರ್ ಪೈಪಿಗೆ ಲೋಹದ ನಲ್ಲಿ ತಿರುಗಿಸಲು ಹಿತ್ತಾಳೆಯ ಥ್ರೆಡ್ ಇರುವ ಎಲ್ಬೋ ಹಾಕುತ್ತಾರೆ. ಅದರ ಫೋಟೊ ಮಾತ್ರ ನೋಡಿದರೆ ಪೈಪು ಲೋಹದ್ದು ಅಥವಾ ತಾಮ್ರದ್ದು ಅನಿಸುತ್ತದೆ. ಹಿತ್ತಾಳೆ ಹಳದಿ, ತಾಮ್ರ ಕೆಂಪು. ತೀರ್ಮಾನಿಸಬೇಕಾದದ್ದು ಪೈಪಿನ ತುಂಡನ್ನು ನೋಡಿ, ಫಿಟ್ಟಿಂಗ್ ನೋಡಿ ಅಲ್ಲ.

ಮೂರು, ತಾಮ್ರವೆಲ್ಲ ನೀರಿನ ಪೈಪಲ್ಲ. ಬ್ರಿಟನ್, ಅಮೆರಿಕದ ಮನೆಗಳಲ್ಲಿ ತಾಮ್ರದ ನೀರಿನ ಪೈಪ್ ಸಾಮಾನ್ಯ. ಕರ್ನಾಟಕದ ಮನೆಗಳಲ್ಲಿ ಅದು ಅಪರೂಪ. ಇಲ್ಲಿ ಕಾಣುವ ತಾಮ್ರದ ಕೊಳವೆ ಹೆಚ್ಚಾಗಿ ಎಸಿಯದ್ದು. ಅದಕ್ಕೆ ಕಪ್ಪು ಸ್ಪಂಜಿನಂಥ ಹೊದಿಕೆ ಇರುತ್ತದೆ, ಒಳಗೆ ಹರಿಯುವುದು ನೀರಲ್ಲ, ಶೀತಕ ಅನಿಲ. "ನಮ್ಮೂರ ನಲ್ಲಿ ಪೈಪ್" ಎಂದು ಬೆಸುಗೆ ಹಾಕಿದ ತಾಮ್ರದ ಫೋಟೊ ಬಂದರೆ ಅದು ಬೇರೆ ದೇಶದ್ದೇ ಎಂದು ಮೊದಲು ಪರೀಕ್ಷಿಸಿ.

ಒಂದು ಫೋಟೊ ಹಿಡಿದು ನೋಡೋಣ

ಆರಂಭದಲ್ಲಿ ಹೇಳಿದ ಬಗೆಯ ಫೋಟೊವನ್ನೇ ತೆಗೆದುಕೊಳ್ಳಿ. ಪೈಪ್ ಹೊರಗೆ ಬಿಳಿ. ಒಂದು ತುದಿ ಕತ್ತರಿಸಿದ್ದು, ಇನ್ನೊಂದು ತುದಿಯಲ್ಲಿ ಸಾಕೆಟ್ ಸಿಕ್ಕಿಕೊಂಡಿದೆ. ಒಳಗೆಲ್ಲ ಕಂದು ಗಂಟು. ಬರಹ ಹೇಳುವುದು "ಪ್ಲಾಸ್ಟಿಕ್ ಪೈಪ್" ಎಂದು.

ಮೊದಲು ಅಳತೆ. ಪರದೆಯ ಮೇಲೆ ಹೊರ ಅಗಲ 40 ಮಿಲಿಮೀಟರ್, ಬಳೆಯ ದಪ್ಪ 5 ಮಿಲಿಮೀಟರ್ ಬಂತು ಎನ್ನೋಣ. 40 ಭಾಗಿಸು 5, ಅಂದರೆ 8. ತಾಮ್ರ ಅಲ್ಲ. ಜಿಐ ಅಥವಾ ಪ್ಲಾಸ್ಟಿಕ್, ಎರಡೂ ಸಾಧ್ಯ.

ನಂತರ ಬಳೆ. ಒಂದು ಕಡೆ ಬೂದು ಲೋಹದ ಹೊಳಪು, ಉಳಿದ ಕಡೆ ಕಿತ್ತಳೆ ಬಣ್ಣ. ಹೊರಗಿನ ಬಿಳಿ ಬಣ್ಣ ಕಾಗದದಷ್ಟು ತೆಳು ಪದರವಾಗಿ ಅಂಚಿನಲ್ಲೇ ನಿಂತಿದೆ, ಒಳಗಡೆಗೆ ಬಂದಿಲ್ಲ. ಪ್ಲಾಸ್ಟಿಕ್ ಆಗಿದ್ದರೆ ಬಿಳಿ ಒಳಗಿನವರೆಗೂ ಇರಬೇಕಿತ್ತು. ಅಂದರೆ ಈ ಬಿಳಿ ಬರೀ ಪೇಂಟ್.

ಆಮೇಲೆ ಜಾಯಿಂಟ್. ಸಾಕೆಟ್ ಪಕ್ಕ ಎರಡು ಸುತ್ತು ಥ್ರೆಡ್ ಹೊರಗಿದೆ, ಅದರ ತಗ್ಗುಗಳಲ್ಲಿ ತುಕ್ಕು ಇದೆ, ಸಣಬಿನ ನಾರು ಇಣುಕುತ್ತಿದೆ. ಅಂಟಿನ ಗೆರೆ ಇಲ್ಲ.

ಕೊನೆಗೆ ಒಳಭಾಗ. ಗಂಟುಗಳು ಗೋಡೆಯಿಂದಲೇ ಎದ್ದಿವೆ, ಎರಡು ಕಡೆ ಗೋಡೆ ತೆಳ್ಳಗಾಗಿದೆ. ನಾಲ್ಕೂ ಸಾಕ್ಷಿ ಒಂದೇ ಮಾತು ಹೇಳುತ್ತಿವೆ. ಇದು ಪೇಂಟ್ ಬಳಿದ ಹಳೆಯ ಜಿಐ ಪೈಪ್. ಸಂದೇಶದ ಹೇಳಿಕೆ ತಪ್ಪು.

ಇದೇ ಫೋಟೊ ಇನ್ನೊಂದು ಉಪಯೋಗದ ಸಂಗತಿಯನ್ನೂ ಹೇಳುತ್ತದೆ. ಪರದೆಯ ಮೇಲೆ ಪೈಪಿನ ಒಳ ಅಗಲ 30 ಮಿಲಿಮೀಟರ್ ಇರಬೇಕಿತ್ತು, ಉಳಿದಿರುವ ತೂತು 12 ಮಿಲಿಮೀಟರ್. ತೂತಿನ ಅಗಲ ಅರ್ಧಕ್ಕಿಂತ ಸ್ವಲ್ಪ ಕಡಿಮೆಯಾಗಿದೆ ಅಷ್ಟೇ ಅನಿಸಬಹುದು. ಆದರೆ ನೀರು ಹರಿಯುವ ಜಾಗ ಆರನೇ ಒಂದು ಭಾಗಕ್ಕೆ ಇಳಿದಿದೆ. ಹಳೆಯ ಜಿಐ ಪೈಪ್ ಇರುವ ಮನೆಯಲ್ಲಿ ಟ್ಯಾಂಕ್ ತುಂಬಿದ್ದರೂ ನಲ್ಲಿಯಲ್ಲಿ ಸಣ್ಣಗೆ ಬರುವುದು, ಬೆಳಗ್ಗೆ ಮೊದಲ ನೀರು ಕೆಂಪಗಿರುವುದು ಇಂಥ ಕಾರಣಕ್ಕೆ.

ಫೋಟೊ ಸಾಲದಿದ್ದರೆ ಏನು ಕೇಳಬೇಕು?

ಫೋಟೊ ಕಳಿಸಿದವರ ಕೈಯಲ್ಲೇ ಪೈಪ್ ಇದ್ದರೆ ಇನ್ನೊಂದು ಫೋಟೊ ಕೇಳಿ. ಪೈಪಿನ ಬಾಯಿ ಕ್ಯಾಮೆರಾಗೆ ನೇರವಾಗಿರಲಿ, ಹಗಲು ಬೆಳಕಿರಲಿ. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡಲು ಹೇಳಿ. ಅದರ ಅಗಲ 27 ಮಿಲಿಮೀಟರ್, ಹಾಗಾಗಿ ಗಾತ್ರ ಸಿಗುತ್ತದೆ. ಅದರ ಹೊರಬಳೆ ಹಳದಿ, ನಡುಭಾಗ ಬೆಳ್ಳಿ ಬಣ್ಣ. ಫೋಟೊದಲ್ಲಿ ನಡುಭಾಗವೂ ಹಳದಿಯಾಗಿ ಕಂಡರೆ ಬೆಳಕು ಮೋಸ ಮಾಡುತ್ತಿದೆ ಎಂದು ಗೊತ್ತಾಗುತ್ತದೆ.

ಅಂಚನ್ನು ಉಜ್ಜುಕಾಗದದಿಂದ ಸ್ವಲ್ಪ ತಿಕ್ಕಿದರೆ ಒಡಲಿನ ನಿಜವಾದ ಬಣ್ಣ ಹೊರಬರುತ್ತದೆ. ಇನ್ನೂ ಸುಲಭದ್ದು ಆಯಸ್ಕಾಂತ. ಫ್ರಿಜ್ಜಿಗೆ ಅಂಟಿಸುವ ಚಿಕ್ಕದಾದರೂ ಸಾಕು. ಪೇಂಟ್ ಬಳಿದಿದ್ದರೂ ಜಿಐ ಪೈಪಿಗೆ ಅದು ಹಿಡಿಯುತ್ತದೆ. ಪ್ಲಾಸ್ಟಿಕ್, ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಯಾವುದಕ್ಕೂ ಹಿಡಿಯುವುದಿಲ್ಲ. ಮನೆಯ ಪೈಪನ್ನು ಪರೀಕ್ಷಿಸಲು ಕುಯ್ಯುವ ಅಗತ್ಯವೇ ಇಲ್ಲ. ಅದು ಗ್ಯಾಸಿನ ಪೈಪೂ ಆಗಿರಬಹುದು, ವಿಶೇಷವಾಗಿ ಹಳದಿ ಬಣ್ಣದ್ದಾಗಿದ್ದರೆ ಮುಟ್ಟಲೇಬೇಡಿ.

ಬೂದು ಲೋಹ, ಆದರೆ ಥ್ರೆಡ್ ಇಲ್ಲ, ಆಯಸ್ಕಾಂತವೂ ಹಿಡಿಯದು, ಉಗುರಿನಿಂದ ಗೀರಿದರೂ ಗುರುತು ಬೀಳುತ್ತದೆ ಎಂದಾದರೆ ಅದು ಸೀಸದ ಪೈಪ್ ಇರಬಹುದು. ವಿದೇಶದ ಹಳೆಯ ಮನೆಗಳಲ್ಲಿ ಇರುವ ಕನ್ನಡಿಗರು ಇದನ್ನು ಗಮನದಲ್ಲಿಡಿ. ಸೀಸ ಆರೋಗ್ಯಕ್ಕೆ ನಿಜವಾಗಿಯೂ ಹಾನಿಕರ. ಅಂಥ ಪೈಪ್ ಕಂಡರೆ ಅಲ್ಲಿನ ನೀರು ಸರಬರಾಜು ಸಂಸ್ಥೆಗೆ ತಿಳಿಸಿ ನೀರು ಪರೀಕ್ಷೆ ಮಾಡಿಸಬೇಕು.

ಫೋಟೊ ಹೇಳಲಾರದ ಮಾತು

ಪೈಪ್ ಯಾವ ವಸ್ತುವಿನದು ಎಂದು ಒಳ್ಳೆಯ ಫೋಟೊ ಹೇಳಬಲ್ಲದು. ಅದು ಎಷ್ಟು ವರ್ಷ ಹಳೆಯದು, ಯಾವ ಊರಿನದು, ಅದರಲ್ಲಿ ಹರಿದ ನೀರು ಕುಡಿಯಲು ಯೋಗ್ಯವೇ ಎಂಬುದನ್ನು ಹೇಳಲಾರದು. ಕಂದು ಬಣ್ಣ ಕಂಡ ಕೂಡಲೇ ವಿಷ ಎನ್ನುವುದು ತಪ್ಪು. ಒಳಗೆ ಹೊಳೆಯುತ್ತಿದೆ ಎಂದು ನೀರು ಶುದ್ಧ ಎನ್ನುವುದೂ ತಪ್ಪು. ನೀರಿನ ಬಗ್ಗೆ ಅನುಮಾನವಿದ್ದರೆ ನೀರನ್ನೇ ಲ್ಯಾಬಿಗೆ ಕೊಡಬೇಕು.

ಇನ್ನು ಮುಂದೆ ಇಂಥ ಫೋಟೊ ಬಂದಾಗ ಕತ್ತರಿಸಿದ ಬಳೆ, ಜಾಯಿಂಟ್, ಒಳಗಿನ ಗೋಡೆ, ಈ ಮೂರನ್ನು ಕ್ರಮವಾಗಿ ನೋಡಿ. ಮೂರೂ ಒಂದೇ ಕಡೆ ಬೊಟ್ಟು ಮಾಡಿದರೆ ನಿಮ್ಮ ಗ್ರೂಪಿನಲ್ಲಿ ಧೈರ್ಯವಾಗಿ ಉತ್ತರ ಬರೆಯಿರಿ. ಒಂದಕ್ಕೊಂದು ಹೊಂದದಿದ್ದರೆ, ಅಥವಾ ಫೋಟೊದಲ್ಲಿ ತುದಿಯೂ ಜಾಯಿಂಟೂ ಕಾಣದಿದ್ದರೆ, "ಈ ಫೋಟೊ ನೋಡಿ ಹೇಳಲಾಗದು" ಎಂಬುದೇ ಸರಿಯಾದ ಉತ್ತರ. ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ.